16 ದಿನದ ಮುಖ, ಹೊಸ ಕುಲಾವಿ: ಒಂದು ನಾಮಕರಣ ಫೋಟೋದ ಪ್ರಕರಣ ಅಧ್ಯಯನ

ತಂಗಿಯ ಗೆಳತಿಯೊಬ್ಬಳು ನನಗೆ ಎರಡು ಫೋಟೋ ಕಳಿಸಿದಳು. ಎರಡೂ ಅವಳ ಮಗುವಿನದ್ದೇ, ನಾಮಕರಣದ ದಿನದ್ದು. ಮೊದಲನೆಯದು ಫೋನಿನಲ್ಲಿ ತೆಗೆದದ್ದು. 16 ದಿನದ ಹೆಣ್ಣುಮಗು ಬಿಳಿ ಹಾಸಿನ ಮೇಲೆ ಅಂಗಾತ ಮಲಗಿದೆ. ಎಡಗಡೆಯ ಕಿಟಕಿಯಿಂದ ಬೆಳಕು ಬರುತ್ತಿದೆ. ಕಣ್ಣು ತೆರೆದಿದೆ, ಬಲಗೈ ಮುಷ್ಟಿ ಗಲ್ಲದ ಹತ್ತಿರ ಇದೆ. ಮೈಮೇಲೆ ಇರುವುದು ಹಾಲಿನ ಕಲೆಯಾದ ಒಂದು ಬನಿಯನ್ ಮಾತ್ರ. ಕಾರ್ಯಕ್ರಮಕ್ಕೆಂದು ತೊಡಿಸಿದ್ದ ಜರಿಯ ಬಟ್ಟೆ ಚುಚ್ಚಿ ಮಗು ಅತ್ತಿತ್ತು. ಅದನ್ನು ತೆಗೆದ ಮೇಲೆ ಸಮಾಧಾನವಾಗಿ ಕಣ್ಣು ಬಿಟ್ಟು ನೋಡಿದ ಆ ಒಂದು ಗಳಿಗೆಯಲ್ಲಿ ಈ ಫೋಟೋ ಸಿಕ್ಕಿತ್ತು. ಆ ದಿನ ಕಣ್ಣು ಚೆನ್ನಾಗಿ ತೆರೆದಿದ್ದ ಫೋಟೋ ಇದೊಂದೇ.

ಎರಡನೆಯದು ಅದೇ ಫೋಟೋ, ಒಂದು ಆ್ಯಪ್‌ನಲ್ಲಿ ಬಟ್ಟೆ ಬದಲಿಸಿದ್ದು. ಮೆತ್ತನೆಯ ಹತ್ತಿ ಜಬಲಾ, ತಲೆಗೆ ಪುಟ್ಟ ಕುಲಾವಿ. ಬಟ್ಟೆ ಚೆನ್ನಾಗಿಯೇ ಬಂದಿತ್ತು. ಆದರೆ ಆ ಮಗು ಬೇರೆ ಯಾರದ್ದೋ ಆಗಿತ್ತು.

"ಅಕ್ಕ, ಬಟ್ಟೆ ಇದೇ ಥರ ಇರಲಿ. ಆದ್ರೆ ಮುಖ ಮುಟ್ಟಬೇಡಿ, ಪ್ಲೀಸ್," ಅಂತ ಬರೆದಿದ್ದಳು.

ಆ್ಯಪ್ ಮಾಡಿದ್ದೂ ಸೇರಿ ಈ ಕೆಲಸ ಮೂರು ಸುತ್ತು ನಡೆಯಿತು. ಎರಡನೇ ಸುತ್ತಿನಲ್ಲಿ ನಾನು ಎಡವಿದೆ. ಹೇಗೆ ಅನ್ನುವುದೇ ಈ ಬರಹದ ಮುಖ್ಯ ವಿಷಯ.

ಮೊದಲು ಆ್ಯಪ್ ಏನು ಮಾಡಿತ್ತು ಅಂತ ನೋಡೋಣ. ಎರಡೂ ಫೋಟೋ ಅಕ್ಕಪಕ್ಕ ಇಟ್ಟು ದೊಡ್ಡದು ಮಾಡಿದೆ. ಮೂಲದಲ್ಲಿ ಮಗುವಿನ ಮೂಗಿನ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳಿದ್ದವು. ವೈದ್ಯರು ಇದನ್ನು ಮಿಲಿಯಾ ಅನ್ನುತ್ತಾರೆ. ಹುಟ್ಟಿದ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ, ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಎಡಗಣ್ಣಿನ ರೆಪ್ಪೆಯ ಮೇಲೆ ತೆಳು ಕೆಂಪು ಮಚ್ಚೆಯಿತ್ತು. ಬಲಗಣ್ಣು ಎಡಗಣ್ಣಿಗಿಂತ ಸ್ವಲ್ಪ ಕಡಿಮೆ ತೆರೆದಿತ್ತು. ಹಣೆಯ ಪಕ್ಕದಲ್ಲಿ ಚರ್ಮ ಒಣಗಿ ಸಿಪ್ಪೆ ಏಳುತ್ತಿತ್ತು. ಬಲಗಿವಿಯ ಮೇಲಂಚು ಸ್ವಲ್ಪ ಮಡಚಿಕೊಂಡಿತ್ತು. ಆ್ಯಪ್ ಕೊಟ್ಟ ಫೋಟೋದಲ್ಲಿ ಇದ್ಯಾವುದೂ ಇರಲಿಲ್ಲ. ಕಣ್ಣುಗಳು ಸಮ, ಕೆನ್ನೆ ತುಂಬಿದೆ, ಚರ್ಮ ಮೇಣದ ಹಾಗೆ ನಯ. ನೋಡಿದರೆ ಮೂರು ತಿಂಗಳ ಮಗು ಅನ್ನಬೇಕು.

ಇದು ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಮೂಲ ಫೋಟೋ 4000×3000 ಪಿಕ್ಸೆಲ್. ಹುಟ್ಟಿದ ಮಗುವಿನ ತಲೆ ಕಿವಿಯ ಮೇಲ್ಭಾಗದಲ್ಲಿ ಸುಮಾರು 9.5 ಸೆಂಟಿಮೀಟರ್ ಅಗಲ ಇರುತ್ತದೆ. ಈ ಫೋಟೋದಲ್ಲಿ ಆ ಅಗಲ 570 ಪಿಕ್ಸೆಲ್. ಅಂದರೆ ಒಂದು ಸೆಂಟಿಮೀಟರಿಗೆ 60 ಪಿಕ್ಸೆಲ್, ಒಂದು ಮಿಲಿಮೀಟರಿಗೆ 6. ಒಂದು ಮಿಲಿಮೀಟರಿನ ಬಿಳಿ ಚುಕ್ಕೆ ಮೂಲದಲ್ಲಿ 6 ಪಿಕ್ಸೆಲ್ ಅಗಲ, ಚೆನ್ನಾಗಿ ಕಾಣುತ್ತದೆ. ಆದರೆ ಆ್ಯಪ್ ವಾಪಸ್ ಕೊಟ್ಟ ಫೋಟೋದ ಉದ್ದನೆಯ ಬದಿ 1024 ಪಿಕ್ಸೆಲ್ ಮಾತ್ರ. ಅಷ್ಟಕ್ಕೆ ಕುಗ್ಗಿದರೆ ಚುಕ್ಕೆ ಒಂದೂವರೆ ಪಿಕ್ಸೆಲ್ ಆಗುತ್ತದೆ. ಇಡೀ ತಲೆ 146 ಪಿಕ್ಸೆಲ್.

ಅಲ್ಲಿಗೂ ಮುಗಿಯಲಿಲ್ಲ. ಇಂಥ ಚಿತ್ರ ರಚಿಸುವ ಎಐ ಮಾದರಿಗಳಲ್ಲಿ ಹೆಚ್ಚಿನವು ಪಿಕ್ಸೆಲ್‌ಗಳ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಚಿತ್ರವನ್ನು ಮೊದಲು ಒಂದು ಸಂಕ್ಷಿಪ್ತ ರೂಪಕ್ಕೆ ಇಳಿಸುತ್ತವೆ, ಕೊನೆಗೆ ಅದನ್ನು ಮತ್ತೆ ಚಿತ್ರವಾಗಿ ಬಿಡಿಸುತ್ತವೆ. ಸ್ಟೇಬಲ್ ಡಿಫ್ಯೂಷನ್‌ನ ಮೊದಲಿನ ಮಾದರಿಗಳಲ್ಲಿ 8×8 ಪಿಕ್ಸೆಲ್‌ನ ಒಂದು ಚೌಕ, ಅಂದರೆ ಮೂರು ಬಣ್ಣ ಸೇರಿ 192 ಸಂಖ್ಯೆಗಳು, ಬರೀ 4 ಸಂಖ್ಯೆಗಳಾಗುತ್ತವೆ. 146 ಪಿಕ್ಸೆಲ್ ಅಗಲದ ತಲೆ ಅಂಥ 18 ಚೌಕಗಳಲ್ಲಿ ಕೂರಬೇಕು. ಒಂದೂವರೆ ಪಿಕ್ಸೆಲ್‌ನ ಚುಕ್ಕೆಗೆ ಅಲ್ಲಿ ಜಾಗವೇ ಇಲ್ಲ. ಚಿತ್ರವನ್ನು ಮತ್ತೆ ಬಿಡಿಸುವಾಗ ಕಳೆದುಹೋದ ವಿವರವನ್ನು ಮಾದರಿ ತನಗೆ ಗೊತ್ತಿರುವ ಮಕ್ಕಳ ಮುಖಗಳಿಂದ ತುಂಬಿಕೊಳ್ಳುತ್ತದೆ. ಹಾಗಾಗಿ "ಮುಖ ಬದಲಿಸಬೇಡ" ಅಂತ ಎಷ್ಟು ಬಾರಿ ಟೈಪ್ ಮಾಡಿದರೂ ಭರವಸೆಯಿಲ್ಲ. ಮುಖವನ್ನು ಅದರ ಕೈಗೆ ಕೊಟ್ಟ ಕ್ಷಣದಲ್ಲೇ ಒಂದಷ್ಟು ವಿವರ ಹೋಗಿರುತ್ತದೆ.

ಇದರಿಂದ ನನ್ನ ಮೊದಲ ತೀರ್ಮಾನ ಸುಲಭವಾಯಿತು. ಮುಖವನ್ನು ಯಾವ ಮಾದರಿಗೂ ತೋರಿಸುವುದೇ ಬೇಡ. ಮೂಲ ಫೋಟೋ ಕೆಳಗಿನ ಪದರವಾಗಿ ಹಾಗೇ ಇರಲಿ. ಬಟ್ಟೆ ಮತ್ತು ಕುಲಾವಿ ಬೇರೆ ಬೇರೆ ಪದರಗಳಾಗಿ ಅದರ ಮೇಲೆ ಬರಲಿ, ಲೇಯರ್ ಮಾಸ್ಕ್ ಇಟ್ಟು ಬಟ್ಟೆ ಇರುವ ಜಾಗದಲ್ಲಿ ಮಾತ್ರ ಕಾಣಲಿ. ಆಗ ಮುಖ ಮೂಲದ್ದೇ ಆಗಿರುತ್ತದೆ, ಅದಕ್ಕಾಗಿ ಬೇರೆ ಯಾವ ಉಪಾಯವೂ ಬೇಕಿಲ್ಲ. ಇನ್ನೊಂದು ಕಾರಣವೂ ಇತ್ತು. ಪುಟ್ಟ ಮಗುವಿನ ಫೋಟೋವನ್ನು ಎಲ್ಲೋ ಇರುವ ಸರ್ವರಿಗೆ ಕಳಿಸುವುದು ತಾಯಿಗೆ ಇಷ್ಟವಿರಲಿಲ್ಲ, ನನಗೂ ಇಲ್ಲ. ಎಲ್ಲವನ್ನೂ ನನ್ನ ಕಂಪ್ಯೂಟರಿನಲ್ಲೇ ಮಾಡಿದೆ. ಪದರಗಳಿಗೆ ಜಿಂಪ್ ಅನ್ನುವ ಫೋಟೋ ತಿದ್ದುವ ತಂತ್ರಾಂಶ, ಬಟ್ಟೆ ಬರೆಸಲು ಅದೇ ಯಂತ್ರದಲ್ಲಿ ಓಡುವ ಸ್ಟೇಬಲ್ ಡಿಫ್ಯೂಷನ್‌ನ ಇನ್‌ಪೇಂಟಿಂಗ್ ಮಾದರಿ, ಅಂದರೆ ಮಾಸ್ಕ್ ಹಾಕಿ ತೋರಿಸಿದ ಜಾಗವನ್ನು ಮಾತ್ರ ಹೊಸದಾಗಿ ಬರೆಯುವಂಥದ್ದು.

ಜಬಲಾದಿಂದ ಶುರು ಮಾಡಿದೆ. ಗಲ್ಲದ ಕೆಳಗಿನಿಂದ ತೊಡೆಯವರೆಗೆ 1536×1536 ಪಿಕ್ಸೆಲ್‌ನ ಒಂದು ಚೌಕ ಕತ್ತರಿಸಿಕೊಂಡೆ. ಅದನ್ನು 1024ಕ್ಕೆ ಇಳಿಸಿ, ಬನಿಯನ್ ಇರುವ ಜಾಗಕ್ಕೆ ಮಾಸ್ಕ್ ಹಾಕಿದೆ. ಗಲ್ಲದ ಹತ್ತಿರದ ಮುಷ್ಟಿಯನ್ನು ಮಾಸ್ಕ್‌ನಿಂದ ಹೊರಗಿಟ್ಟೆ. ಇದನ್ನು ಮರೆತರೆ ಮಾದರಿ ಕೈಯನ್ನೂ ಹೊಸದಾಗಿ ಬರೆಯುತ್ತದೆ, ಬೆರಳು ಆರಾಗುವುದು ಅಲ್ಲಿಯೇ. ಟೈಪ್ ಮಾಡಿದ ಸಾಲಿನಲ್ಲಿ ಮಗು ಅನ್ನುವ ಪದ ಬಳಸಲಿಲ್ಲ. ಬರೀ ಬಟ್ಟೆಯ ವಿವರ ಕೊಟ್ಟೆ:

```
thin white cotton muslin top, tie front, matte fabric,
many small soft folds, window light from left, plain
```

ಚೌಕದಲ್ಲಿ ಮುಖ ಇಲ್ಲದಿರುವಾಗ ಮಗು ಅಂತ ಬರೆದರೆ ಮಾದರಿ ಹೊಟ್ಟೆಯ ಮೇಲೆ ಇನ್ನೊಂದು ಮುಖ ತುರುಕಲು ನೋಡುತ್ತದೆ. ಇದು ನನಗೆ ಹಿಂದೆ ಬೇರೊಂದು ಫೋಟೋದಲ್ಲಿ ಆಗಿತ್ತು.

ಮೆತ್ತನೆಯ ಹತ್ತಿ ಫೋಟೋದಲ್ಲಿ ಹೇಗೆ ಕಾಣಬೇಕು ಅನ್ನುವುದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಜನ ನೇಯ್ಗೆ ಕಂಡರೆ ಹತ್ತಿ ಅಂದುಕೊಳ್ಳುತ್ತಾರೆ. ಆದರೆ ನಯವಾದ ತೆಳು ಮಲ್‌ಮಲ್‌ನಲ್ಲಿ ಎಳೆಗಳು ಎಷ್ಟು ಹತ್ತಿರ ಇರುತ್ತವೆ ಅಂದರೆ ಈ ಫೋಟೋದ ಅಳತೆಯಲ್ಲಿ ಒಂದು ಎಳೆಗೆ ಎರಡು ಪಿಕ್ಸೆಲ್ ಸಿಕ್ಕರೆ ಹೆಚ್ಚು. ನೇಯ್ಗೆ ಎದ್ದು ಕಂಡರೆ ಅದು ಗೋಣಿಯಂಥ ದಪ್ಪ ಬಟ್ಟೆಯಾಗುತ್ತದೆ, ಮಗುವೂ ಗೊಂಬೆಯಷ್ಟು ಚಿಕ್ಕದಾಗಿ ಕಾಣುತ್ತದೆ. ಮೆತ್ತಗಿರುವುದನ್ನು ಹೇಳುವುದು ಮಡಿಕೆಗಳು. ಗಂಜಿ ಹಾಕಿದ ಬಟ್ಟೆಯಲ್ಲಿ ಮಡಿಕೆ ಕಡಿಮೆ, ಚೂಪಾಗಿ ಮುರಿದಂತೆ ಇರುತ್ತದೆ. ಒಗೆದು ಮೆತ್ತಗಾದ ಹತ್ತಿಯಲ್ಲಿ ಚಿಕ್ಕ ಚಿಕ್ಕ ಮಡಿಕೆಗಳು ಜಾಸ್ತಿ, ಆಳ ಕಡಿಮೆ, ತುದಿ ದುಂಡು. ಅವು ಕಂಕುಳಿನಿಂದ ಮತ್ತು ದಾರ ಕಟ್ಟಿದ ಜಾಗದಿಂದ ಹೊರಡುತ್ತವೆ. ಹೊಳಪು ಎಲ್ಲೂ ಇರಬಾರದು. ಮಡಿಕೆಯ ತುದಿಯಲ್ಲಿ ಬಿಳಿ ಗೆರೆ ಮಿಂಚಿದರೆ ನೋಡುವವರ ಕಣ್ಣಿಗೆ ಅದು ಸ್ಯಾಟಿನ್. ಅಂಚು ಹೊಲಿದ ಕಡೆ ಬಟ್ಟೆ ಸ್ವಲ್ಪ ಸುಕ್ಕಾಗಿರಬೇಕು. ಹತ್ತಾರು ಸಲ ಬರೆಸಿ, ಎರಡರಲ್ಲಿ ಮಾತ್ರ ಇಂಥ ಮಡಿಕೆ ಸಿಕ್ಕಿತು. ಕತ್ತಿನ ಭಾಗ ಒಂದರಿಂದ, ಹೊಟ್ಟೆಯ ಭಾಗ ಇನ್ನೊಂದರಿಂದ ತೆಗೆದು ಸೇರಿಸಿದೆ.

ನಂತರ ಬಣ್ಣ. ಬರೆದು ಬಂದ ಜಬಲಾ ಅಪ್ಪಟ ಬಿಳಿ, ಬೆಳಕು ಬೀಳುವ ಕಡೆ 255ಕ್ಕೆ 248 ಇತ್ತು. ಆದರೆ ಅದೇ ಫೋಟೋದಲ್ಲಿ ಮಗುವಿನ ಪಕ್ಕ ಇರುವ ಹಾಸು, ಅದೂ ಬಿಳಿಯೇ, ಅಳೆದರೆ ಕೆಂಪು 214, ಹಸಿರು 206, ನೀಲಿ 190. ಆ ಕೋಣೆಯಲ್ಲಿ ಬಿಳಿ ಅಂದರೆ ಅಷ್ಟೇ. ಕರ್ವ್ಸ್‌ನಲ್ಲಿ ಜಬಲಾವನ್ನು ಆ ಬಿಳಿಗೆ ಇಳಿಸಿದೆ. ಇಲ್ಲಿ ಎಷ್ಟೋ ಜನ ಉಲ್ಟಾ ಕೆಲಸ ಮಾಡುತ್ತಾರೆ. ಬಟ್ಟೆ ಬೆಳ್ಳಗಿದೆ, ಮುಖ ಹಳದಿಯಾಗಿ ಕಾಣುತ್ತಿದೆ ಅಂತ ಮುಖದ ಬಣ್ಣ ಸರಿಪಡಿಸುತ್ತಾರೆ. ಹುಟ್ಟಿದ ಮಗುವಿನ ಚರ್ಮದಲ್ಲಿ ಕೆಂಪು, ಹಳದಿ ಎರಡೂ ಇರುತ್ತವೆ, ಅದು ಆ ವಯಸ್ಸಿನ ಬಣ್ಣ. ಬಟ್ಟೆಯೇ ಮುಖಕ್ಕೆ ಹೊಂದಬೇಕು. ಕೊನೆಗೆ ಬಟ್ಟೆಯ ಪದರದ ಮೇಲೆ ಚೂರು ನಾಯ್ಸ್ ಸೇರಿಸಿದೆ. ಫೋನಿನ ಫೋಟೋದಲ್ಲಿ ಸಣ್ಣ ಕಾಳು ಕಾಳು ಇರುತ್ತದೆ. ಬರೆದ ಬಟ್ಟೆಯಲ್ಲಿ ಅದು ಇಲ್ಲದಿದ್ದರೆ ಪ್ಲಾಸ್ಟಿಕ್ ಹಾಗೆ ಕಾಣುತ್ತದೆ.

ಕುಲಾವಿಯನ್ನೂ ಇದೇ ಥರ ಮಾಡಿದೆ. ಹುಬ್ಬಿನ ಮೇಲಿನಿಂದ ತಲೆಯ ಸುತ್ತ ಧಾರಾಳವಾಗಿ ಮಾಸ್ಕ್ ಹಾಕಿ ಬರೆಸಿದೆ. ಮೆತ್ತನೆಯ ದುಂಡು ಕುಲಾವಿ ಬಂತು, ಎರಡು ಕಿವಿಯೂ ಒಳಗೆ. ಅದನ್ನು ಜೋಡಿಸಿ, ಮುಖ ಬದಲಾಗಿಲ್ಲ ಅಂತ ಪರೀಕ್ಷೆ ಮಾಡಿದೆ.

ಪರೀಕ್ಷೆ ಸರಳ. ಜಿಂಪ್‌ನಲ್ಲಿ ಮೂಲ ಫೋಟೋದ ಇನ್ನೊಂದು ಪ್ರತಿಯನ್ನು ಎಲ್ಲದರ ಮೇಲಿಟ್ಟು ಅದರ ಮೋಡ್ `Difference` ಮಾಡಬೇಕು. ಬದಲಾಗದ ಜಾಗ ಪೂರ್ತಿ ಕಪ್ಪಾಗುತ್ತದೆ, ಬದಲಾದದ್ದು ಬೆಳಗುತ್ತದೆ. ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಸಂಖ್ಯೆಯಲ್ಲೂ ನೋಡುವುದು ಒಳ್ಳೆಯದು. ಎರಡೂ ಫೋಟೋವನ್ನು PNG ಆಗಿ ಉಳಿಸಿಕೊಂಡು, ಮುಖದ ಚೌಕ ಮಾತ್ರ ಕತ್ತರಿಸಿ, ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ಹೋಲಿಸಿದೆ:

```
magick mula.png -crop 480x420+1240+610 +repage a.png
magick hosa.png -crop 480x420+1240+610 +repage b.png
magick compare -metric AE a.png b.png null:
```

ಎಷ್ಟು ಪಿಕ್ಸೆಲ್ ಬೇರೆಯಾಗಿವೆ ಅನ್ನುವುದನ್ನು ಇದು ಹೇಳುತ್ತದೆ. ಮೊದಲ ಸಲ 3140 ಬಂತು. ನನಗೆ ಆಶ್ಚರ್ಯ, ಮುಖವನ್ನು ನಾನು ಮುಟ್ಟಿಯೇ ಇರಲಿಲ್ಲ ಅಲ್ವಾ? `Difference` ಪದರ ನೋಡಿದರೆ ಗಲ್ಲದ ಕೆಳಗೆ ತೆಳ್ಳಗೆ ಒಂದು ಗೆರೆ ಬೆಳಗುತ್ತಿತ್ತು. ಜಬಲಾದ ಮಾಸ್ಕ್‌ನ ಅಂಚನ್ನು 12 ಪಿಕ್ಸೆಲ್ ಮಬ್ಬು ಮಾಡಿದ್ದೆ. ಮಬ್ಬು ಎರಡೂ ಕಡೆ ಹರಡಿ, ಬಟ್ಟೆಯ ಬಿಳಿ ಗಲ್ಲದ ಚರ್ಮದ ಮೇಲೆ ಏರಿತ್ತು. ಗಲ್ಲದ ಗೆರೆ ಸುಮಾರು ಒಂದು ಮಿಲಿಮೀಟರ್ ಒಳಗೆ ಹೋದಂತೆ ಕಾಣುತ್ತಿತ್ತು. ಮಬ್ಬನ್ನು 4 ಪಿಕ್ಸೆಲ್‌ಗೆ ಇಳಿಸಿ, ಮಾಸ್ಕ್‌ ಅನ್ನು ಬಟ್ಟೆಯ ಕಡೆಗೆ ಅಷ್ಟೇ ಹಿಂದೆ ಸರಿಸಿದೆ. ಅಂಚು ಕರಗುವುದು ಬಟ್ಟೆಯೊಳಗೆ, ಚರ್ಮದ ಮೇಲೆ ಅಲ್ಲ. ಮತ್ತೆ ಹೋಲಿಸಿದೆ. ಸೊನ್ನೆ.

ಸೊನ್ನೆ ಬಂದ ಮೇಲೆ ಇನ್ನೇನು ಬೇಕು ಅಂದುಕೊಂಡು ಕಳಿಸಿಬಿಟ್ಟೆ. ಸಂಜೆ ವಿಡಿಯೋ ಕರೆ ಬಂತು. ಪಕ್ಕದಲ್ಲಿ ಮಗುವಿನ ಅಜ್ಜಿ ಕೂತಿದ್ದರು.

"ತುಂಬಾ ಚೆನ್ನಾಗಿದೆ ಕಣಮ್ಮ," ಅಂದರು ಅಜ್ಜಿ. "ಕಣ್ಣು, ಮೂಗು ಎಲ್ಲ ನಮ್ಮ ಮಗೂದೇ. ಆದ್ರೂ ಇದು ನಮ್ಮ ಮಗು ಥರ ಇಲ್ಲ. ಸ್ವಲ್ಪ ದೊಡ್ಡದಾಗಿಬಿಟ್ಟಿದೆ ಅನ್ನಿಸುತ್ತೆ."

ತಾಯಿ ಸಂಕೋಚದಿಂದ, "ಅಮ್ಮ, ಅಕ್ಕ ಮುಖ ಬದಲಿಸೇ ಇಲ್ವಂತೆ," ಅಂದಳು.

"ಇರಬಹುದು. ನಾನು ದಿನಾ ಎತ್ತಿಕೊಳ್ಳೋ ಮಗು ಇದಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಸಂಖ್ಯೆ ಸೊನ್ನೆ ಇತ್ತು, ಅಜ್ಜಿಯ ಕಣ್ಣೂ ಸುಳ್ಳು ಹೇಳುತ್ತಿರಲಿಲ್ಲ. ಎರಡೂ ನಿಜ ಆಗಿರಬೇಕಾದರೆ ಬದಲಾದದ್ದು ಮುಖದ ಹೊರಗೆ ಇರಬೇಕು. ನಾನು ಪರೀಕ್ಷೆ ಮಾಡಿದ್ದು ಹುಬ್ಬಿನಿಂದ ಗಲ್ಲದವರೆಗಿನ ಚೌಕವನ್ನು ಮಾತ್ರ. ಮಗುವನ್ನು ಗುರುತಿಸುವುದು ಆ ಚೌಕದಿಂದ ಅಷ್ಟೇ ಅಲ್ಲ.

ಮೂಲವನ್ನು ಅರೆಪಾರದರ್ಶಕ ಮಾಡಿ ಹೊಸ ಫೋಟೋದ ಮೇಲೆ ಹಾಸಿ ಅಳೆಯಲು ಕೂತೆ. ಮೂರು ತಪ್ಪು ಸಿಕ್ಕಿದವು.

ಮೊದಲನೆಯದು ತಲೆಯ ಎತ್ತರ. ಮೂಲದಲ್ಲಿ ಹುಬ್ಬಿನಿಂದ ನೆತ್ತಿಯವರೆಗೆ 330 ಪಿಕ್ಸೆಲ್, ಅಂದರೆ ಐದೂವರೆ ಸೆಂಟಿಮೀಟರ್. ಹೆರಿಗೆಯಲ್ಲಿ ತಲೆ ಒತ್ತಿಕೊಂಡು ಸ್ವಲ್ಪ ಉದ್ದವಾಗಿತ್ತು, ಅದು ಇನ್ನೂ ಪೂರ್ತಿ ಇಳಿದಿರಲಿಲ್ಲ. ಹೊಸ ಫೋಟೋದಲ್ಲಿ ಕುಲಾವಿಯ ತುದಿ 285ಕ್ಕೇ ಮುಗಿದಿತ್ತು. ತಲೆಯ ಮೇಲೆ ಕುಲಾವಿ ಇಟ್ಟರೆ ಎತ್ತರ ಹೆಚ್ಚಬೇಕು, ಇಲ್ಲಿ ಮುಕ್ಕಾಲು ಸೆಂಟಿಮೀಟರ್ ಕಡಿಮೆಯಾಗಿದೆ! ಕಾರಣ ನನ್ನ ಧಾರಾಳದ ಮಾಸ್ಕ್. ತಲೆಗಿಂತ ದೊಡ್ಡ ಜಾಗ ಬಿಟ್ಟುಕೊಟ್ಟಿದ್ದರಿಂದ ಮಾದರಿ ತನಗೆ ಒಪ್ಪಿದ ದುಂಡನೆಯ ಚಿಕ್ಕ ತಲೆ ಬರೆದು, ಉಳಿದ ಜಾಗಕ್ಕೆ ಹಾಸನ್ನು ತುಂಬಿತ್ತು. ತಲೆ ಚಿಕ್ಕದಾದರೆ ಮುಖ ಅದೇ ಇದ್ದರೂ ದೊಡ್ಡದಾಗಿ ಕಾಣುತ್ತದೆ. ಹುಟ್ಟಿದ ಮಗುವಿನಲ್ಲಿ ಮೈಯ ಉದ್ದದ ಕಾಲು ಭಾಗ ತಲೆಯೇ. ಅದರಲ್ಲೂ ಕಣ್ಣಿನ ಮೇಲಿನ ಭಾಗ ದೊಡ್ಡದು, ಕೆಳಗಿನ ಭಾಗ ಚಿಕ್ಕದು. ಮೇಲಿನ ಭಾಗ ಕತ್ತರಿಸಿದರೆ ವಯಸ್ಸು ಏರುತ್ತದೆ.

ಎರಡನೆಯದು ಕತ್ತು. 16 ದಿನದ ಮಗು ಅಂಗಾತ ಮಲಗಿದಾಗ ಕತ್ತು ಕಾಣುವುದೇ ಇಲ್ಲ ಅನ್ನಬಹುದು, ಗಲ್ಲ ಎದೆಗೆ ತಾಗಿಕೊಂಡಂತೆ ಇರುತ್ತದೆ. ಬನಿಯನ್‌ನ ಅಂಚು ಮೂಲದಲ್ಲಿ ಗಲ್ಲದಿಂದ 25 ಪಿಕ್ಸೆಲ್ ಕೆಳಗಿತ್ತು. ಹೊಸ ಜಬಲಾದ ಕತ್ತಿನ ಅಂಚು 95 ಪಿಕ್ಸೆಲ್ ಕೆಳಗಿತ್ತು. ನಡುವೆ ಮಾದರಿ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚೇ ಕತ್ತು ಬರೆದುಕೊಂಡಿತ್ತು, ಗಲ್ಲದ ನೆರಳನ್ನೂ ಅಳಿಸಿತ್ತು. ಕತ್ತು ಕಂಡರೆ ತಲೆ ಎತ್ತುವ ವಯಸ್ಸಿನ ಮಗು ಅನ್ನಿಸುತ್ತದೆ. ಅಜ್ಜಿ "ದೊಡ್ಡದಾಗಿದೆ" ಅಂದದ್ದರಲ್ಲಿ ಇದರ ಪಾಲೇ ಜಾಸ್ತಿ ಅಂತ ನನ್ನ ಅಂದಾಜು.

ಮೂರನೆಯದು ಕಿವಿ. ಮಡಚಿದ ಬಲಗಿವಿಯನ್ನು ಕುಲಾವಿ ಪೂರ್ತಿ ಮುಚ್ಚಿತ್ತು. ನಾನು ಅದನ್ನು ಮುಖದ ಭಾಗ ಅಂತ ಎಣಿಸಿಯೇ ಇರಲಿಲ್ಲ. ಎತ್ತಿಕೊಂಡಾಗ ಅಜ್ಜಿಯ ಕಣ್ಣಿಗೆ ಮೊದಲು ಬೀಳುವುದು ಅದೇ ಇರಬೇಕು.

ಮೂರನೇ ಸುತ್ತಿಗೆ ಕುಲಾವಿಯನ್ನು ಮೊದಲಿನಿಂದ ಮಾಡಿದೆ. ಮೂಲ ಫೋಟೋದ ಮೇಲೆ ಪಾತ್ ಉಪಕರಣದಿಂದ ತಲೆಯ ಅಂಚನ್ನು ನಿಜಕ್ಕೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ ಎಳೆದುಕೊಂಡೆ, ಉದ್ದನೆಯ ನೆತ್ತಿ ಸಮೇತ. ತೆಳು ಹತ್ತಿಯ ಕುಲಾವಿ ತಲೆಯಿಂದ ಬಹಳ ಉಬ್ಬುವುದಿಲ್ಲ. 4 ಮಿಲಿಮೀಟರ್ ಅಂತ ಲೆಕ್ಕ ಹಿಡಿದು ಆ ಗೆರೆಯನ್ನು 24 ಪಿಕ್ಸೆಲ್ ಹೊರಗೆ ಸರಿಸಿದೆ. ಇದೇ ಕುಲಾವಿಯ ಹೊರ ಅಂಚು, ಇದೇ ಮಾಸ್ಕ್‌ನ ಅಂಚು ಕೂಡ. ಮಾದರಿಗೆ ಹಾಸು ತುಂಬಲು ಒಂದು ಪಿಕ್ಸೆಲ್ ಜಾಗವನ್ನೂ ಬಿಡಲಿಲ್ಲ.

ಕೆಳಗಿನ ಅಂಚು ಎಲ್ಲಿ ಬರಬೇಕು ಅನ್ನುವುದನ್ನು ಮನೆಯವರನ್ನೇ ಕೇಳಿದೆ. ಮೂಲ ಫೋಟೋದ ಮೇಲೆ ಮೂರು ಗೆರೆ ಎಳೆದು ಕಳಿಸಿದೆ. ಒಂದು ಹುಬ್ಬಿನ ಹತ್ತಿರ, ಒಂದು ಹಣೆಯ ನಡುವೆ, ಒಂದು ಕೂದಲು ಶುರುವಾಗುವಲ್ಲಿ. ಅಜ್ಜಿ ಕೂದಲಿನ ಗೆರೆಯನ್ನೇ ಆರಿಸಿದರು. ಹಣೆ ಪೂರ್ತಿ ಉಳಿಯಿತು, ಸಿಪ್ಪೆ ಏಳುವ ಚರ್ಮವೂ ಉಳಿಯಿತು. ಕಿವಿಯ ಹತ್ತಿರ ಅಂಚನ್ನು ಹಿಂದಕ್ಕೆ ಒಯ್ದು, ಬಲಗಿವಿಯ ಮಡಿಕೆ ಹೊರಗೇ ಇರುವ ಹಾಗೆ ನೋಡಿಕೊಂಡೆ.

ಈ ಸಲ ಖಾಲಿ ಮಾಸ್ಕ್ ಕೊಡಲಿಲ್ಲ. ಮೊದಲು ನಾನೇ ಜಿಂಪ್‌ನಲ್ಲಿ ಕುಲಾವಿಯ ಆಕಾರಕ್ಕೆ ಹಾಸಿನ ಬಿಳಿ ಬಳಿದು, ಬಲಬದಿಗೆ ಒರಟಾಗಿ ನೆರಳು ಹಚ್ಚಿ, ಕೆಳಗೆ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಎಳೆದೆ. ಚಿಕ್ಕ ಮಕ್ಕಳ ಚಿತ್ರದ ಥರ ಇತ್ತು. ಹಣೆಯಿಂದ ಕೆಳಗಿನದನ್ನು ಚಪ್ಪಟೆ ಬೂದು ಬಣ್ಣದಿಂದ ಮುಚ್ಚಿ, ತಲೆಯ ಭಾಗದ ಚೌಕವನ್ನಷ್ಟೇ ಮಾದರಿಗೆ ಕೊಟ್ಟೆ. ನಾನು ಬಳಿದದ್ದರಿಂದಲೇ ಅದು ಶುರು ಮಾಡಲಿ ಅಂತ `Masked content` ಅನ್ನು `original` ಮಾಡಿ, ಅದನ್ನು ಎಷ್ಟು ಬದಲಿಸಬಹುದು ಅನ್ನುವ `Denoising strength` 0.5ಕ್ಕೆ ಇಟ್ಟೆ. ಅದನ್ನು 0.8ಕ್ಕಿಂತ ಮೇಲಿಟ್ಟಾಗ ಮಾದರಿ ನನ್ನ ಆಕಾರವನ್ನು ಬಿಟ್ಟು ತನ್ನದನ್ನು ಬರೆಯುತ್ತಿತ್ತು. 0.3ಕ್ಕೆ ಬರೀ ಬಳಿದ ಬಣ್ಣವೇ ಉಳಿಯುತ್ತಿತ್ತು, ಬಟ್ಟೆ ಅನ್ನಿಸುತ್ತಿರಲಿಲ್ಲ. 0.5ರಲ್ಲಿ ಆಕಾರ ನನ್ನದು, ಮಡಿಕೆ ಅದರದ್ದು. ಜಬಲಾದ ಕತ್ತನ್ನೂ ಹೀಗೇ ತಿದ್ದಿದೆ. ಅಂಚನ್ನು ಗಲ್ಲದಿಂದ 25 ಪಿಕ್ಸೆಲ್‌ಗೆ ಮೇಲೆತ್ತಿ, ಬನಿಯನ್ ಮೇಲೆ ಬಿದ್ದಿದ್ದ ಗಲ್ಲದ ನೆರಳನ್ನು ಮೂಲದಿಂದ ನೋಡಿಕೊಂಡು ಜಬಲಾದ ಮೇಲೂ ಅದೇ ಜಾಗಕ್ಕೆ ತಂದೆ.

ಉಳಿದದ್ದು ಒಂದು ಪ್ರಶ್ನೆ. ಕುಲಾವಿ ಹಣೆಯ ಮೇಲೆ ಕೂತರೆ ಅಂಚಿನ ಕೆಳಗೆ ಚೂರು ನೆರಳು ಬೀಳಲೇಬೇಕು. ಅದಿಲ್ಲದೆ ಕುಲಾವಿ ಸ್ಟಿಕ್ಕರ್ ಅಂಟಿಸಿದ ಹಾಗೆ ತೇಲುತ್ತದೆ. ಆದರೆ ಆ ನೆರಳು ಬೀಳುವುದು ಮುಖದ ಮೇಲೆ. ಮುಟ್ಟಬೇಡಿ ಅಂದಿದ್ದಾರಲ್ಲ? ನಾನು ಯೋಚಿಸಿ ನೆರಳು ಹಾಕಿದೆ. ನೆರಳು ಚರ್ಮದ ಆಕಾರವನ್ನಾಗಲಿ ಗುರುತನ್ನಾಗಲಿ ಬದಲಿಸುವುದಿಲ್ಲ, ಬೆಳಕನ್ನು ಮಾತ್ರ ಕಡಿಮೆ ಮಾಡುತ್ತದೆ. ಅದನ್ನು ಪ್ರತ್ಯೇಕ ಪದರವಾಗಿಟ್ಟೆ. ಮೋಡ್ `Multiply`, ಗಾಢತೆ ನೂರಕ್ಕೆ 20. ಅಗಲ 18 ಪಿಕ್ಸೆಲ್, ಅಂದರೆ 3 ಮಿಲಿಮೀಟರ್, ಬೆಳಕು ಎಡಗಡೆಯಿಂದ ಬರುವುದರಿಂದ ಬಲಕ್ಕೆ ಸ್ವಲ್ಪ ಜಾಸ್ತಿ. ಬಣ್ಣ ಕಪ್ಪಲ್ಲ, ಮಗುವಿನ ಗಲ್ಲದ ಕೆಳಗಿನ ನೆರಳಿನಿಂದಲೇ ತೆಗೆದ ಕೆಂಪು ಮಿಶ್ರಿತ ಕಂದು. ಚರ್ಮದ ಮೇಲೆ ಕಪ್ಪು ನೆರಳು ಹಾಕಿದರೆ ಮಗು ಬಾಡಿದಂತೆ ಕಾಣುತ್ತದೆ. ತಾಯಿಗೆ ಇದನ್ನು ಹೇಳಿ, ನೆರಳು ಇರುವ ಮತ್ತು ಇಲ್ಲದ ಎರಡೂ ಪ್ರತಿ ಕಳಿಸಿದೆ. ಅವಳು ನೆರಳು ಇದ್ದದ್ದನ್ನೇ ಇಟ್ಟುಕೊಂಡಳು.

ಪರೀಕ್ಷೆಯ ಜಾಗವನ್ನೂ ಹಿಗ್ಗಿಸಿದೆ. ಹಣೆ, ಬಲಗಿವಿ, ಗಲ್ಲ, ಮುಷ್ಟಿ ಎಲ್ಲ ಸೇರುವ ಹಾಗೆ ಗೆರೆ ಎಳೆದು, ಅದರ ಹೊರಗಿನದನ್ನು ಎರಡೂ ಫೋಟೋದಲ್ಲಿ ಕಪ್ಪು ಬಳಿದು ಹೋಲಿಸಿದೆ. ನೆರಳಿನ ಪದರ ಆಫ್ ಮಾಡಿದಾಗ ಸೊನ್ನೆ. ಹಚ್ಚಿದಾಗ ಬದಲಾದದ್ದು ಅಂಚಿನ ಕೆಳಗಿನ ಆ ಪಟ್ಟಿ ಮಾತ್ರ. ಅದರ ಜೊತೆಗೆ ಸಂಖ್ಯೆ ಹೇಳದ ನಾಲ್ಕು ಅಳತೆಗಳನ್ನು ಕೈಯಲ್ಲಿ ನೋಡಿದೆ. ಹುಬ್ಬಿನಿಂದ ತುದಿಯವರೆಗೆ 354, ಅಂದರೆ ಮೂಲದ 330 ಮತ್ತು ಬಟ್ಟೆಯ 24. ತಲೆಯ ಅಗಲ ಎರಡೂ ಬದಿ ಬಟ್ಟೆ ಸೇರಿ 618. ಗಲ್ಲದಿಂದ ಕತ್ತಿನ ಅಂಚಿಗೆ 25. ಭುಜದ ಅಗಲ ಮೂಲದಷ್ಟೇ, ಬಟ್ಟೆಯ ದಪ್ಪ ಬಿಟ್ಟರೆ.

ಅಜ್ಜಿಗೆ ಈ ಸಲ ಏನೂ ಹೇಳದೆ ಕಳಿಸಲು ಕೇಳಿಕೊಂಡೆ. ಅವರು ಫೋನ್ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಹ್ಞೂಂ, ಈಗ ಬಂದ್ಲು ನೋಡು," ಅಂದರಂತೆ.

ಕೊಡುವ ಹಂತದಲ್ಲಿ ಕೆಲಸ ಹಾಳಾಗುವುದು ಎರಡು ಕಡೆ. ಚಾಟ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಮೂಗಿನ ಚುಕ್ಕೆಗಳು ಅಲ್ಲೇ ಮಾಯ. ಅದಕ್ಕೆ ಡಾಕ್ಯುಮೆಂಟ್ ಆಗಿ ಕಳಿಸಿದೆ. JPEG ಮಾಡಿದಾಗ ಪಿಕ್ಸೆಲ್‌ಗಳ ಬಣ್ಣ ಸ್ವಲ್ಪ ಅಲುಗುವುದು ಸಹಜ, ಸೊನ್ನೆ ಅನ್ನುವ ಮಾತು PNGಗೆ ಮಾತ್ರ. ಗುಣಮಟ್ಟ 95ರಲ್ಲಿ ಉಳಿಸಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನೊಂದು ಕಡೆ ಪ್ರಿಂಟ್. ಪ್ರಿಂಟ್ ಮಾಡುವವರ ಯಂತ್ರದಲ್ಲಿ ಬಣ್ಣ ತಾನಾಗಿ ತಿದ್ದುವ ಸೌಲಭ್ಯ ಇರುತ್ತದೆ. ಅದು ಕೆಂಪನ್ನು ತಗ್ಗಿಸಿ, ಚರ್ಮವನ್ನು ಬೆಳ್ಳಗೆ ಮಾಡಬಹುದು. ಅದನ್ನು ಆಫ್ ಮಾಡಲು ಹೇಳಿ, ಮೊದಲು ಒಂದು ಚಿಕ್ಕ ಪ್ರತಿ ತೆಗೆಸಿ ನೋಡಿ ಅಂತ ತಾಯಿಗೆ ಬರೆದೆ. ಬನಿಯನ್ ಇರುವ ಮೂಲ ಫೋಟೋವನ್ನೂ ಅದೇ ಅಳತೆಯಲ್ಲಿ ತೆಗೆಸಿ ಜೊತೆಗೇ ಇಡಲು ಕೇಳಿಕೊಂಡೆ. ಯಾವುದರಲ್ಲಿ ಬಟ್ಟೆ ಸೇರಿಸಿದ್ದು ಅಂತ ಹಿಂಬದಿಯಲ್ಲಿ ಬರೆದಿಟ್ಟರೆ ಮುಂದೆ ಮಗುವೇ ಕೇಳಿದಾಗ ಹೇಳಬಹುದು.

ಪ್ರಿಂಟ್ ಬರುವ ಹೊತ್ತಿಗೆ ಒಂದು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಮಗುವಿನ ಮೂಗಿನ ಚುಕ್ಕೆಗಳು ಹೋಗಿದ್ದವು, ತಲೆಯೂ ದುಂಡಗಾಗಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಫೋಟೋದಲ್ಲಿ ಚುಕ್ಕೆಗಳನ್ನು ಎಣಿಸಿದರಂತೆ. ಏಳು ಇದ್ದವು.